ಸ್ವಾಗತದ ಹಾರ ಮತ್ತು ಸಿಗದ ಗಿರ್ಮಿಟ್

ರಾಮದುರ್ಗದ ನಮ್ಮ ಕಾಲೇಜಿನ ಕಂಪ್ಯೂಟರ್ ಕ್ಲಬ್ಬಿನ ಮೊದಲ ಕಾರ್ಯಾಗಾರವನ್ನು ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ ಹಾಳು ಮಾಡಿದ್ದೆ. ಇಂಟರ್ನೆಟ್ಟಿನ ಇತಿಹಾಸ ಹೇಳಲು ನಿಂತವನು ಎಷ್ಟು ಹೊತ್ತು ಹೇಳಿದೆನೆಂದರೆ, ಕೊನೆಗೆ ಲ್ಯಾಬಿನಲ್ಲಿ ಉಳಿದವನು ಒಬ್ಬ ಹುಡುಗ. ಅವನೂ ನಿದ್ದೆ ಹೋಗಿದ್ದರಿಂದ ಉಳಿದಿದ್ದ.

ಹಾಗಾಗಿ ಎರಡನೆಯ ಕಾರ್ಯಾಗಾರಕ್ಕೆ ಜಾಗ ಕೇಳಲು ಹೋದಾಗ ಲ್ಯಾಬ್ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಶನಿವಾರ ಮಧ್ಯಾಹ್ನ ಲ್ಯಾಬ್ ನಮಗ ಕೊಡ್ರಿ ಅಂತ ಟ್ಯಾಲಿ ಕ್ಲಾಸಿನವರು ಬೆನ್ನ ಹತ್ಯಾರ. ಈ ಸಲ ಫಸ್ಟ್ ಇಯರ್ ಹುಡುಗ್ರು ಒಬ್ಬೊಬ್ಬರೂ ತಮ್ಮ ಕೈಯಾರೆ ಏನರ ಓಡಿಸಿ ತೋರಸಬೇಕು. ಅದೂ ಬಸ್ಸಿಗೆ ಹೋಗೂದ್ರೊಳಗ. ಇಲ್ಲಂದ್ರ ನಿಮ್ಮ ಕ್ಲಬ್ ಕ್ಯಾಂಟೀನಿನ್ಯಾಗ ನಡಸ್ರಿ."

ಇದು ಬರೀ ಬೆದರಿಕೆ ಆಗಿರಲಿಲ್ಲ. ಹೊಸ ಹುಡುಗರಲ್ಲಿ ಹೆಚ್ಚಿನವರಿಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಶನಿವಾರದ ಆ ಮಧ್ಯಾಹ್ನ ಹೋದರೆ ಅವರು ಕೀಲಿಮಣೆಯನ್ನು ಪರೀಕ್ಷೆಯ ದಿನವೇ ಮುಟ್ಟಬೇಕು.

ಯೋಜನೆ ಹಾಕಲು ನಾನೂ ಕ್ಲಬ್ಬಿನ ಕಾರ್ಯದರ್ಶಿಯೂ ಕುಳಿತೆವು. ಕಾರ್ಯದರ್ಶಿ ನನ್ನದೇ ತರಗತಿಯ ಹುಡುಗಿ. ನನ್ನ ಬುದ್ಧಿವಂತಿಕೆಯ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. ವಿಷಯ ಬ್ರೌಸರ್ ಆಟೋಮೇಶನ್. ಅಂದರೆ ನಾವು ಬ್ರೌಸರಿನಲ್ಲಿ ಕೈಯಿಂದ ಮಾಡುವ ಟೈಪು, ಕ್ಲಿಕ್ಕುಗಳನ್ನು ಒಂದು ಪುಟ್ಟ ಪ್ರೋಗ್ರಾಂ ಬರೆದು ಅದರಿಂದಲೇ ಮಾಡಿಸುವುದು.

"ಮೊದಲ ನನ್ನ ಭಾಷಣ, ಒಂದು ತಾಸು," ಎಂದೆ.

"ಕಟ್," ಎಂದಳು.

"ಹಂಗಾರ ಪರೀಕ್ಷಾ ರಿಸಲ್ಟಿನ ಸೈಟ್ ತಾನ ತೆರಕೊಂಡು ಎಲ್ಲಾರ ಮಾರ್ಕ್ಸೂ ತಗೊಂಡು ಬರೂದು ತೋರಸೂಣು. ಹುಡುಗ್ರು ಹುಚ್ಚ ಆಗತಾರ!"

"ಅದು ನಿಮ್ಮಪ್ಪಂದ ಸೈಟ್ ಏನು? ಕೇಳಲಾರ್ದ ಮಂದಿ ಸೈಟಿಗೆ ಒಮ್ಮೆಲೇ ಇಷ್ಟು ಮಷೀನ್ ಹಚ್ಚಿದ್ರ ಅವರು ಬಾಗಿಲಾ ಹಾಕತಾರ. ನಮ್ಮದ ಒಂದು ಪುಟಾ ಮಾಡೂಣು. ನೆಟ್ ಹೋದ್ರೂ ನಡೀತೈತಿ."

ಹೀಗೆ, ನಮ್ಮ ಕಡೆಯ ಮಂಡಕ್ಕಿ ತಿಂಡಿಯ ಹೆಸರಿನಲ್ಲಿ, ಗಿರ್ಮಿಟ್ ಅಂಗಡಿ ಹುಟ್ಟಿತು. ಪ್ರತಿ ಕಂಪ್ಯೂಟರಿನಲ್ಲೇ ಇಟ್ಟ ಒಂದು ಪುಟ. ಹೆಸರು ಬರೆಯಲು ಒಂದು ಚೌಕ, ಕೆಳಗೆ 'ಗಿರ್ಮಿಟ್ ಕೊಡ್ರಿ' ಎಂಬ ಬಟನ್. ಒತ್ತಿದರೆ ಇಂಥವರ ಗಿರ್ಮಿಟ್ ತಯಾರ್ ಎಂದು ಬರಬೇಕು. ಹುಡುಗರು ಮೊದಲು ಅದನ್ನು ಕೈಯಿಂದ ಮಾಡಬೇಕು, ಮಾಡಿದ್ದನ್ನು ಹಂತ ಹಂತವಾಗಿ ಕನ್ನಡದಲ್ಲೇ ಬರೆಯಬೇಕು, ಆಮೇಲೆ ಆ ಹಂತಗಳನ್ನು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಸಾಲುಗಳಾಗಿ ಮಾಡಬೇಕು: ಪುಟ ತೆರೆ, ಚೌಕ ಹುಡುಕು, ಹೆಸರು ಬರೆ, ಬಟನ್ ಹುಡುಕು, ಒತ್ತು. ಈ ಯೋಜನೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ ಪೆನ್ ಡ್ರೈವ್ ಹಿಡಿದುಕೊಂಡು ಓಡಾಡುವುದು, ಬೋರ್ಡಿನ ಮೇಲೆ ಸಾಲು ಬರೆಯುವುದು, ಅಷ್ಟೇ.

ಶುಕ್ರವಾರ ಎಲ್ಲ ಕಂಪ್ಯೂಟರಿನಲ್ಲೂ ಒಮ್ಮೆ ಓಡಿಸಿ ನೋಡಿದೆವು. ಒಂದೊಂದರಲ್ಲೂ ಗಿರ್ಮಿಟ್ ಬಂತು. "ಇನ್ನ ಯಾರೂ ಏನೂ ಮುಟ್ಟಬ್ಯಾಡ್ರಿ," ಎಂದಳು ಕಾರ್ಯದರ್ಶಿ. 'ಯಾರೂ' ಎನ್ನುವಾಗ ನನ್ನನ್ನೇ ನೋಡಿದಳು.

ನಾನು ಮುಟ್ಟುತ್ತಿರಲಿಲ್ಲ. ಆದರೆ ಉದ್ಘಾಟನೆಗೆ ಪ್ರಿನ್ಸಿಪಾಲರೇ ಬರುತ್ತಾರೆಂದು ಶನಿವಾರ ಬೆಳಿಗ್ಗೆ ಗೊತ್ತಾಯಿತು. ಸ್ವಾಗತವಿಲ್ಲದ ಕಾರ್ಯಕ್ರಮ ನಮ್ಮ ಕಡೆ ಕಾರ್ಯಕ್ರಮವೇ ಅಲ್ಲ. ನಿಜವಾದ ಹಾರ ತರಲು ಕಿಸೆ ಒಪ್ಪಲಿಲ್ಲ. ಆಗ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಅದು ಫ್ಯೂಸ್ ಹೋಗುವ ಮುಂಚಿನ ಬೆಳಕೆಂದು ಯಾರಿಗೆ ಗೊತ್ತಿತ್ತು? ಗಿರ್ಮಿಟ್ ಪುಟ ತೆರೆದ ಕೂಡಲೇ ಅದರ ಮೇಲೆ ತೆಳು ಪರದೆಯಂತೆ ಇನ್ನೊಂದು ಚಿತ್ರ ಹರಡುವಂತೆ ಮಾಡಿದೆ: ಪ್ರಿನ್ಸಿಪಾಲರ ಫೋಟೋ, ಅದರ ಸುತ್ತ ಗುಲಾಬಿ ಹಾರ, ಎರಡೂ ಕಡೆ ದೀಪ, ಕೆಳಗೆ 'ಹಾರ್ದಿಕ ಸುಸ್ವಾಗತ' ಮತ್ತು 'ಒಳಗೆ ಬರ್ರಿ' ಎಂಬ ಪುಟ್ಟ ಬಟನ್. ಅದನ್ನು ಒತ್ತಿದರೆ ಪರದೆ ಮಾಯ. ಕೈಯಿಂದ ಒತ್ತಿ ನೋಡಿದೆ, ಸೊಗಸಾಗಿತ್ತು. ಪೆನ್ ಡ್ರೈವ್ ಹಿಡಿದು ಎಲ್ಲ ಕಂಪ್ಯೂಟರಿಗೂ ಹಂಚಿದೆ.

ಮಧ್ಯಾಹ್ನ ಹುಡುಗರು ತುಂಬಿದರು. ಮೇಡಂ ಬಾಗಿಲ ಬಳಿ ನಿಂತರು, ಪ್ರಿನ್ಸಿಪಾಲರು ಮುಂದಿನ ಕುರ್ಚಿಯಲ್ಲಿ ಕುಳಿತರು. ಕೈಯಿಂದ ಮಾಡುವ ಹಂತ ಸರಾಗವಾಗಿ ಮುಗಿಯಿತು. ಹುಡುಗರು ಹಾರ ನೋಡಿ ನಕ್ಕು, 'ಒಳಗೆ ಬರ್ರಿ' ಒತ್ತಿ ಒಳಗೆ ಹೋದರು. ಕಾರ್ಯದರ್ಶಿ ನನ್ನ ಕಡೆ ಒಮ್ಮೆ ನೋಡಿದಳು. ಮೆಚ್ಚುಗೆ ಎಂದುಕೊಂಡೆ.

ಆಮೇಲೆ ಅವಸರದಲ್ಲಿ ಕನ್ನಡದ ಹಂತಗಳನ್ನು ಬರೆಸದೆಯೇ, ಶುಕ್ರವಾರದ ಸಾಲುಗಳನ್ನು ಬೋರ್ಡಿನ ಮೇಲೆ ಬರೆದು, ಹುಡುಗರಿಂದ ಟೈಪು ಮಾಡಿಸಿ, "ಓಡಸ್ರಿ!" ಎಂದೆ.

ಬ್ರೌಸರುಗಳು ತಾವಾಗಿಯೇ ತೆರೆದವು. ಹಾರದ ಹಿಂದೆ, ಪರದೆಯಾಚೆ ಮಸುಕಾಗಿ, ಹೆಸರುಗಳೂ ಟೈಪ್ ಆದವು. ಅಷ್ಟೇ. ಗಿರ್ಮಿಟ್ ಬರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಕೆಂಪು ಅಕ್ಷರಗಳ ಮೆರವಣಿಗೆ.

"ನೆಟ್ ಸ್ಲೋ ಐತಿ," ಎಂದೆ, ವೈದ್ಯನ ಗತ್ತಿನಲ್ಲಿ.

"ಅಣ್ಣಾ, ಪುಟಾ ಮಷೀನಿನ್ಯಾಗ ಐತಿ, ನೆಟ್ ಬ್ಯಾಡ ಅಂತ ನೀವ ಹೇಳಿದ್ರೆಲಾ?" ಎಂದ ತೊರಗಲ್ ಊರಿನಿಂದ ಬರುವ ಒಬ್ಬ ಹುಡುಗ.

"ಹಂಗಾರ ಪುಟಾ ಪೂರ್ತಿ ತೆರದಿಲ್ಲ. ಒತ್ತೂಕಿಂತ ಮೊದಲ ಹತ್ತು ಸೆಕೆಂಡ್ ಕಾಯಿ ಅಂತ ಒಂದು ಸಾಲು ಹಾಕ್ರಿ."

ಹಾಕಿದರು, ಓಡಿಸಿದರು, ಕಾದರು. ಇಡೀ ಲ್ಯಾಬು ದೀಪಗಳ ನಡುವಿನ ಹಾರ ಹಾಕಿದ ಫೋಟೋವನ್ನು ನೋಡುತ್ತ ನಿಶ್ಶಬ್ದವಾಗಿ ಕುಳಿತಿತು. ಕೆಲವರು ಎದ್ದೂ ನಿಂತಿದ್ದರು. ನಮ್ಮಲ್ಲಿ ಫೋಟೋಕ್ಕೆ ಯಾವಾಗ ಹಾರ ಹಾಕುತ್ತಾರೆಂಬುದು ನನಗೆ ಆ ಮೌನದಲ್ಲಿ ಹೊಳೆಯಿತು. ಪ್ರಿನ್ಸಿಪಾಲರಿಗೆ ನನಗಿಂತ ಮೊದಲೇ ಹೊಳೆದಿತ್ತು.

"ತಮ್ಮಾ," ಎಂದರು ಮೆಲ್ಲಗೆ, "ನಾ ಇನ್ನೂ ಇದ್ದೇನಲೋ."

ಮತ್ತೆ ಕೆಂಪು ಅಕ್ಷರ. ಮೇಡಂ ಗಡಿಯಾರ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಚೀಲ ಹೆಗಲಿಗೇರಿಸಿ, "ಇದು ನಮ್ಮಂಥವರಿಗೆ ಅಲ್ಲ ಬಿಡವಾ, ಬಸ್ಸಿಗೆ ನಡಿ," ಎಂದು ಪಕ್ಕದವಳ ಕೈ ಎಳೆದಳು. ಅದು ನನಗೆ ಪ್ರಿನ್ಸಿಪಾಲರ ಮಾತಿಗಿಂತ ಜೋರಾಗಿ ತಾಗಿತು. ಶುಕ್ರವಾರದಿಂದ ಈಚೆಗೆ ಬದಲಾದದ್ದು ನನ್ನ ಹಾರ ಒಂದೇ. ತಪ್ಪು ನನ್ನದು, ದಡ್ಡರಾಗಿದ್ದು ಅವರು.

"ತಪ್ಪು ನಿಮ್ಮದಲ್ಲ, ನಂದು," ಎಂದೆ ಜೋರಾಗಿ. "ಮುಂಜಾನೆ ಈ ಹಾರಾ ಹಾಕಿದಾವ ನಾನ. ತಡೀರಿ, ಈಗ ತಗದು ಬಿಡತೇನಿ," ಎಂದು ಪೆನ್ ಡ್ರೈವಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ!" ಕಾರ್ಯದರ್ಶಿ ಮುಂದೆ ಬಂದಳು. "ಕೆಂಪ ಅಕ್ಷರ ಅಂದ್ರ ಬೈಗುಳ ಅಲ್ರಿ, ಅದು ಚಾಡಿ. ಯಾರು ಅಡ್ಡ ಬಂದಾರ ಅಂತ ಹೇಳಾಕ ಹತ್ತೈತಿ. ಓದ್ರಿ."

ಚೀಲದ ಹುಡುಗಿಯೇ ಅನುಮಾನದಿಂದ ಬಗ್ಗಿ ಓದಿದಳು. ಬಟನ್ನಿಗೆ ಹೋಗಬೇಕಾದ ಕ್ಲಿಕ್ಕನ್ನು ಬೇರೆ ಯಾವುದೋ ತಡೆಯುತ್ತಿದೆ ಎಂದಿತ್ತು. ಆ ಅಡ್ಡ ಬಂದದ್ದರ ಗುರುತೂ ಇತ್ತು: ಸ್ವಾಗತ.

"ಹಂಗಾರ ಕೈಲೆ ಮಾಡುವಾಗ ಒತ್ತಿದ್ವೆಲಾ, 'ಒಳಗೆ ಬರ್ರಿ'! ಅದನ್ನ ಬರದ ಇಲ್ಲ," ಎಂದಳು.

"ಹೌದಲ್ಲ! ಯಾರದರ ಮನಿಗೆ ಹೋದ್ರ ಮೊದಲ ನೀರು ಇಸ್ಕೊತೀವಿ, ಆಮ್ಯಾಲೆ ಒಳಗ. ನಾವು ಸೀದಾ ಅಡಗಿ ಮನಿಗೇ ನುಗ್ಗೀವಿ," ಎಂದ ತೊರಗಲ್ಲಿನವನು.

ಲ್ಯಾಬು ನಕ್ಕಿತು, ಚೀಲ ಕೆಳಗಿಳಿಯಿತು. ನನ್ನ ಹತ್ತು ಸೆಕೆಂಡಿನ ಸಾಲನ್ನು ಹುಡುಗರು ಕಸದಂತೆ ಅಳಿಸಿದರು. ಪುಟ ತೆರೆದ ಮೇಲೆ ಸ್ವಾಗತದ ಬಟನ್ ಹುಡುಕು, ಒತ್ತು ಎಂಬ ಹೊಸ ಸಾಲುಗಳನ್ನು ತಾವೇ ಬರೆದರು. ನಾನು ಕೈ ಕಟ್ಟಿ ನಿಂತೆ, ಅಂದು ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ.

ಒಂದೊಂದೇ ಕಂಪ್ಯೂಟರಿನಲ್ಲಿ ಹಾರ ಮಾಯವಾಯಿತು, ಗಿರ್ಮಿಟ್ ತಯಾರಾಯಿತು. ಕೊನೆಯ ಹಾರವೂ ಹೋದಾಗ ಪ್ರಿನ್ಸಿಪಾಲರು, "ಈಗ ಜೀವ ಬಂತು ನೋಡ್ರಿ," ಎಂದು ಎದ್ದರು. ಹುಡುಗರು ಬಸ್ಸಿಗೆ ಓಡಿದರು. ಚೀಲದ ಹುಡುಗಿ ಮಾತ್ರ ಬಾಗಿಲಲ್ಲಿ ತಿರುಗಿ ಕೇಳಿದಳು, "ಅಕ್ಕಾ, ಮುಂದಿನ ಶನಿವಾರ ಏನ ಅದ?"

ಕಾರ್ಯದರ್ಶಿ ಮೇಡಂ ಕಡೆ ನೋಡಿದಳು. ಮೇಡಂ ಲ್ಯಾಬಿನ ಕೀಲಿಕೈಯನ್ನು ಅವಳ ಕೈಗಿಟ್ಟರು. "ಲ್ಯಾಬ್ ನಿಮ್ಮದ. ಆದ್ರ ಇವನ ಪೆನ್ ಡ್ರೈವ್ ಕಸಗೋ."

ಮುಂದಿನ ಶನಿವಾರದ ಯೋಜನೆಯನ್ನು ಅವಳು ಬೋರ್ಡಿನ ಮೇಲೆ ಬರೆದಳು. ಹುಡುಗಿಯ ಪಾಲಿಗೂ, ತೊರಗಲ್ಲಿನವನ ಪಾಲಿಗೂ ಒಂದೊಂದು ಕೆಲಸ ಬಂದಿತ್ತು. ನನಗೂ ಇತ್ತು, ಕೊನೆಯ ಸಾಲಿನಲ್ಲಿ: ಸ್ವಾಗತ, ಬಾಯಿಯಿಂದ ಮಾತ್ರ.