ಪ್ಯಾಕೇಜಿನಲ್ಲಿ ಇಲ್ಲದ್ದು

ನಮ್ಮಣ್ಣನ ಕೈ ಬಾಯಿಗಿಂತ ಮುಂದೆ ಓಡುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಬಿದ್ದ ಏಟುಗಳನ್ನು ನಾನು ಎಣಿಸಿಲ್ಲ. ಮದುವೆಯಾದ ಮೇಲೆ ಅತ್ತಿಗೆಗೆ ಬಿದ್ದವನ್ನು ಅವರೂ ಎಣಿಸಿರಲಿಕ್ಕಿಲ್ಲ. ಅವರಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಜ್ವರ ಬಂದು ಹಾಗಾಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಯಾವ ಜ್ವರ ಎಂದು ಊರಿಗೆಲ್ಲ ಗೊತ್ತು.

ಜಂಗಮಕೋಟೆಯ ಹತ್ತಿರ ಅವನಿಗೆ ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳುವಿನ ಮನೆ. ಸೊಪ್ಪಿನ ಹೊರೆ ಹೊತ್ತು ಹೊತ್ತು ಐವತ್ತು ದಾಟುವ ಹೊತ್ತಿಗೆ ತೊಡೆಸಂದಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದು ಕೆಮ್ಮಿದರೆ ನಿಂಬೆಹಣ್ಣಿನಷ್ಟು ಹೊರಗೆ ಬರುತ್ತಿತ್ತು. ಹರ್ನಿಯಾ, ಆಪರೇಷನ್ ಮಾಡಿಸಲೇಬೇಕು ಎಂದರು. ಅವನ ಹತ್ತಿರ ಸರ್ಕಾರದ ಕಾರ್ಡ್ ಇತ್ತು, ಜಿಲ್ಲಾಸ್ಪತ್ರೆಯಲ್ಲಿ ಖರ್ಚಿಲ್ಲದೆ ಮಾಡುತ್ತಿದ್ದರು. ಒಂದು ದಿನ ಹೋಗಿ, ಸಾಲಿನಲ್ಲಿ ಹಿಂದೆ ನಿಂತವನು ತಳ್ಳಿದನೆಂದು ಅವನ ಮೂಗಿಗೆ ಗುದ್ದಿ ಬಂದ. ಮತ್ತೆ ಅಲ್ಲಿಗೆ ಹೋಗಲು ಮುಖವಿರಲಿಲ್ಲ. ಹಾಗಾಗಿ ಪ್ರೈವೇಟ್.

ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲಿಗೆ ಲೆಕ್ಕ ಹೇಳಿಕೊಡುವವಳು. ಎರಡು ವರ್ಷದ ಹಿಂದೆ ನನ್ನ ಪಿತ್ತಕೋಶ ತೆಗೆಸಿಕೊಂಡಾಗ, ಹೇಳಿದ ಪ್ಯಾಕೇಜಿನ ಎರಡರಷ್ಟು ಬಿಲ್ ಕಟ್ಟಿ ಬಂದಿದ್ದೆ. ಅದಕ್ಕೇ ಅತ್ತಿಗೆ ಫೋನ್ ಮಾಡಿ, "ನೀನು ಜೊತೇಲಿ ಹೋಗಮ್ಮ, ಅವರಿಗೆ ಕೇಳಕ್ಕೆ ಬರಲ್ಲ, ಜಗಳ ಆಡಕ್ಕೆ ಮಾತ್ರ ಬರ್ತದೆ" ಎಂದರು. ನೂರು ಪುಟದ ನೋಟ್‌ಬುಕ್ ಹಿಡಿದು ಹೊರಟೆ.

ಚಿಂತಾಮಣಿಯಲ್ಲಿ ಇಪ್ಪತ್ತೆಂಟು ಸಾವಿರ ಎಂದರು. ಅಣ್ಣ ನನ್ನ ಮೊಣಕೈ ತಿವಿದ, ಗೆದ್ದವನ ಹಾಗೆ. ನಾನು ಕೌಂಟರಿನ ಹುಡುಗಿಯನ್ನು ಕೇಳಿದೆ. ಮೆಶ್ ಸೇರಿದೆಯಾ? ಹರಿದ ಜಾಗ ಮುಚ್ಚಿ ಒಳಗೆ ಹೊಲಿಯುವ ಬಲೆಯಂಥ ತುಂಡು ಅದು, ಅದಿಲ್ಲದೆ ಈ ಆಪರೇಷನ್ನಿಗೆ ಅರ್ಥವೇ ಇಲ್ಲ. "ಮೆಶ್ ಬೇರೆ ಮೇಡಂ, ಹನ್ನೆರಡು." ಅರಿವಳಿಕೆ ಡಾಕ್ಟರು? "ಅವರು ಹೊರಗಿಂದ ಬರ್ತಾರೆ, ಐದು." ಔಷಧಿ, ಗ್ಲೌಸು, ದಾರ? "ಫಾರ್ಮಸಿ ಬಿಲ್ಲು, ಒಂದೆಂಟಾಗ್ಬಹುದು." ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನ್? "ಮೂರೂವರೆ." ನೋಟ್‌ಬುಕ್ಕಿನಲ್ಲಿ ಐವತ್ತಾರೂವರೆ ಆಯಿತು. ಆ ಹುಡುಗಿ ಒಂದಕ್ಕೂ ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರ ಕೊಟ್ಟಳು. ಕೇಳದಿದ್ದರೆ ಹೇಳುತ್ತಿರಲಿಲ್ಲ, ಅಷ್ಟೆ. ಅಣ್ಣ ಮೇಜಿಗೆ ಗುದ್ದಿದ. ಪೆನ್ನಿನ ಡಬ್ಬಿ ಹಾರಿ ಬಿತ್ತು.

ಗೌರಿಬಿದನೂರಿನಲ್ಲಿ ಮೂವತ್ತೆರಡು, ಮೆಶ್ ಸೇರಿ. ಆದರೆ ಅದು ಜನರಲ್ ವಾರ್ಡಿನ ರೇಟು. ರೂಮು ಬೇಕೆಂದರೆ ಬಾಡಿಗೆಯೊಂದೇ ಅಲ್ಲ, ಸರ್ಜನ್ ಫೀಸಿನಿಂದ ಹಿಡಿದು ಎಲ್ಲವೂ ಮೇಲಕ್ಕೆ ಹೋಗುತ್ತದಂತೆ. ಅದೇ ಡಾಕ್ಟರು, ಅದೇ ಕತ್ತರಿ, ಮಂಚ ಬದಲಾದರೆ ಕತ್ತರಿಗೂ ಬೇರೆ ದರ! ವಾರ್ಡಿನಲ್ಲೇ ಇದ್ದರೂ ಅರಿವಳಿಕೆ, ಔಷಧಿ, ಪರೀಕ್ಷೆ ಸೇರಿ ಐವತ್ತು ಮುಟ್ಟುತ್ತಿತ್ತು. ಕೊನೆಗೆ ನಮ್ಮ ಚಿಕ್ಕಬಳ್ಳಾಪುರದ್ದೇ ಒಂದು ಆಸ್ಪತ್ರೆ. ನಲವತ್ತೈದು ಎಂದ ಕೂಡಲೇ ಅಣ್ಣ ಕುರ್ಚಿ ಒದ್ದು ಬೀಡಿ ಸೇದಲು ಹೊರಗೆ ಹೋದ. ನಾನು ಕೂತೆ. ಮೆಶ್, ಅರಿವಳಿಕೆ, ಔಷಧಿ, ಎರಡು ದಿನದ ರೂಮು, ಎಲ್ಲ ಒಳಗೆ. ಪರೀಕ್ಷೆಗಳು ಮಾತ್ರ ಹೊರಗೆ. ನಲವತ್ತೆಂಟೂವರೆ. ಬಾಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ.

ಏಳುವ ಮುಂಚೆ ಇನ್ನೊಂದು ಕೇಳಿದೆ. ಗಂಟು ಒಳಗೆ ಹೋಗದೆ ಸಿಕ್ಕಿಹಾಕಿಕೊಂಡು ಅರ್ಜೆಂಟಾಗಿ ಬಂದರೆ?

"ಆಗ ಪ್ಯಾಕೇಜ್ ಇಲ್ಲ ಮೇಡಂ. ಪ್ಯಾಕೇಜ್ ಏನಿದ್ರೂ ಮೊದಲೇ ದಿನ ಗೊತ್ತು ಮಾಡ್ಕೊಂಡು ಬರೋರಿಗೆ. ಎಮರ್ಜೆನ್ಸಿ ಆದ್ರೆ ಎಷ್ಟಾಗುತ್ತೋ ಅಷ್ಟು," ಎಂದರು ಕೌಂಟರಿನವರು. ಪಕ್ಕದಲ್ಲೇ ನಿಂತಿದ್ದ ಡಾಕ್ಟರು, "ದುಡ್ಡಿನ ಮಾತು ಬಿಡಿ, ಸಿಕ್ಕಿಕೊಂಡ್ರೆ ಕರುಳೇ ಕೊಳೆಯುತ್ತೆ. ತಡ ಮಾಡ್ಬೇಡಿ" ಎಂದರು. ಎರಡನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದುಕೊಂಡೆ.

ಹೊರಗೆ ಬಂದು ಇಲ್ಲೇ ಮಾಡಿಸೋಣ ಅಣ್ಣ ಎಂದರೆ, ಅವನು ಗಹಗಹಿಸಿ ನಕ್ಕ. "ಮೊದಲ್ನೇ ಕೂಗಿಗೇ ಯಾವನಾದ್ರೂ ಗೂಡು ಬಿಡ್ತಾನಾ?" ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಾಗೆಯೇ. ಮೊದಲ ಸುತ್ತಿನ ಹರಾಜಿನ ಬೆಲೆ ಹಿಡಿಸದಿದ್ದರೆ ಒಲ್ಲೆ ಎಂದು ಮುಂದಿನ ಸುತ್ತಿಗೆ ಕಾಯಬಹುದು. ಮೂವತ್ತು ವರ್ಷ ಹಾಗೇ ಕಾದು ಕಾದು ನಾಲ್ಕು ಕಾಸು ಹೆಚ್ಚು ತಂದವನು. ತನ್ನ ಕರುಳನ್ನೂ ಅದೇ ಲೆಕ್ಕಕ್ಕೆ ಹಾಕಿದ. "ಅವರೇ ಫೋನ್ ಮಾಡ್ತಾರೆ ನೋಡು."

ಹಾಳಾದವರು, ಮಾಡಿಯೇಬಿಟ್ಟರು. ಶನಿವಾರ ಮಧ್ಯಾಹ್ನ ನಾನು ಮಾರುಕಟ್ಟೆಗೇ ಹೋಗಿದ್ದೆ, ಆಪರೇಷನ್ನಿಗೆ ದಿನ ಗೊತ್ತು ಮಾಡಿಸಲೆಂದು. ಅವನ ಗೂಡು ತಟ್ಟೆಯಲ್ಲಿ ಸುರಿದಿತ್ತು, ಸುತ್ತ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು. ಫೋನು ಬಂತು. ಅವನು ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. "ಸರ್, ನಿಮಗೋಸ್ಕರ ನಲವತ್ತಕ್ಕೆ ಮಾಡ್ಕೊಡ್ತೀವಿ." ಅಣ್ಣನ ಮೀಸೆ ಮೇಲಕ್ಕೆ ಹೋಯಿತು. ನಾನು ಬಾಗಿ ಕೇಳಿದೆ, ಮೆಶ್ ಸೇರಿ ತಾನೆ? "ಮೆಶ್ ಬೇರೆ ಆಗುತ್ತೆ ಮೇಡಂ." ಐದು ಇಳಿಸಿ ಹನ್ನೆರಡನ್ನು ಹೊರಗಿಟ್ಟಿದ್ದರು. "ಹಳೇ ನಲವತ್ತೈದೇ ಇರಲಿ, ಮೆಶ್ ಸೇರಿಸಿ. ಸೋಮವಾರ ಬರ್ತೀವಿ," ಎಂದುಬಿಟ್ಟೆ.

ಏಟು ಬಿದ್ದದ್ದು ಗೊತ್ತಾಗಲಿಲ್ಲ. ಗೂಡಿನ ತಟ್ಟೆಯ ಮೇಲೆ ಬಿದ್ದಿದ್ದೆ, ಬಾಯಲ್ಲಿ ರಕ್ತದ ರುಚಿ. "ನೋರು ಮುಯ್ಯವೇ, ಮುಚ್ಚು ಬಾಯಿ! ನನ್ ಯಾವಾರದಲ್ಲಿ ಬೆಲೆ ಏರಿಸ್ತೀಯಾ, ಹತ್ತು ಜನರ ಮುಂದೆ!" ನೋಟ್‌ಬುಕ್ ಕಿತ್ತುಕೊಂಡು ಹಾಳೆ ಹರಿದು ಎಸೆದ. ನಲವತ್ತೇಳು ವರ್ಷದ ಮೇಷ್ಟ್ರಮ್ಮ ನಾನು. ನನ್ನ ಕೈಯಲ್ಲಿ ಓದಿದ ಒಬ್ಬ ಹುಡುಗ, ಈಗ ರೀಲರು, ನನ್ನನ್ನು ಎತ್ತಿ ಕೂರಿಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಉಳಿದ ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ಕೊನೆಯ ಪುಟ ಅದರಲ್ಲೇ ಉಳಿದಿತ್ತು. ಸಿಕ್ಕಿಕೊಂಡರೆ ಏನಾಗುತ್ತದೆಂದು ಅವನಿಗೆ ಇನ್ನೂ ಹೇಳಿರಲಿಲ್ಲ.

ಹೇಳಲಿಲ್ಲ. ಮೂರು ವಾರ ಫೋನ್ ಎತ್ತಿಕೊಳ್ಳುವುದು, ಇಡುವುದು. ಕೆನ್ನೆಯ ಊತ ಇಳಿದರೂ ಒಳಗಿನದು ಇಳಿಯಲಿಲ್ಲ. ಸಿಕ್ಕಿಕೊಳ್ಳಲಿ, ಗೊತ್ತಾಗುತ್ತದೆ ಎಂದು ಒಂದು ಸಂಜೆ ಅನ್ನ ಬಸಿಯುತ್ತ ನಿಜವಾಗಿಯೂ ಅಂದುಕೊಂಡೆ.

ಸಿಕ್ಕಿಕೊಂಡಿತು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ದಿನ, ಸಂಜೆ ಹೊರೆ ಎತ್ತಿದಾಗ ಹೊರಬಂದ ಗಂಟು ಮತ್ತೆ ಒಳಗೆ ಹೋಗಲಿಲ್ಲ. ಹುಳು ಬಿಟ್ಟು ಏಳುವಂತಿಲ್ಲವೆಂದು ಹಲ್ಲು ಕಚ್ಚಿಕೊಂಡಿದ್ದನಂತೆ. ಬೆಳಗ್ಗೆ ಹಸಿರು ವಾಂತಿ. ಆಸ್ಪತ್ರೆಗೆ ಎಂದ ಅತ್ತಿಗೆಯ ಮೇಲೆ ಚೊಂಬು ಎಸೆದನಂತೆ. ಅವರು ಹಣೆಯ ರಕ್ತ ಸೆರಗಿನಲ್ಲಿ ಒತ್ತಿಕೊಂಡೇ ಹಾಲಿನ ವ್ಯಾನಿನಲ್ಲಿ ಅವನನ್ನು ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದರು. ನಾನು ಸ್ಕೂಲಿನಿಂದ ಓಡಿದೆ.

ಸ್ಟ್ರೆಚರಿನ ಮೇಲೆ ಅವನು ಕೂಗುತ್ತಿದ್ದ. ಗಂಟು ಕಲ್ಲಾಗಿತ್ತು, ಮುಟ್ಟಗೊಡುತ್ತಿರಲಿಲ್ಲ. ಬಿಲ್ಲಿಂಗಿನವನು ಫಾರಂ ಹಿಡಿದು ಬಂದು, ಅಡ್ವಾನ್ಸ್ ಎಪ್ಪತ್ತು ಸಾವಿರ ಎಂದ. ಅಣ್ಣ ಎರಡೂ ಕೈಯಲ್ಲಿ ಅವನ ಕಾಲರ್ ಹಿಡಿದು ಜಗ್ಗಿದ. "ನಲವತ್ತು ಅಂದಿದ್ರಲ್ರೋ! ಫೋನ್ ಮಾಡಿ ನೀವೇ ಅಂದಿದ್ರಲ್ರೋ ಕಳ್ಳರಾ!" ಬಿಲ್ಲಿಂಗಿನವನ ಕನ್ನಡಕ ಕೆಳಗೆ ಬಿದ್ದು ಒಡೆಯಿತು, ಉಸಿರು ಕಟ್ಟಿ ಮುಖ ಕಪ್ಪಾಯಿತು. ನರ್ಸುಗಳು ಎಳೆದರೂ ಬಿಡಲಿಲ್ಲ. ಆಗ ನಾನು ಹೊಡೆದೆ. ಅಂಗೈ ತುಂಬ, ಅವನ ಕೆನ್ನೆಗೆ, ಜೀವಮಾನದಲ್ಲಿ ಮೊದಲ ಸಲ. ಸದ್ದು ಕಾರಿಡಾರಿನ ಕೊನೆವರೆಗೂ ಹೋಯಿತು. ಅಣ್ಣ ಕೈ ಬಿಟ್ಟ. ಸ್ಟ್ರೆಚರಿನ ಮೇಲಿಂದ ನನ್ನನ್ನೇ ನೋಡುತ್ತ ಆಪರೇಷನ್ನಿಗೆ ಒಳಗೆ ಹೋದ.

ಎರಡು ತಾಸಿಗೂ ಹೆಚ್ಚು ಕಾಲ ನಾವಿಬ್ಬರೂ ಬೆಂಚಿನ ಮೇಲೆ. ಅತ್ತಿಗೆಯ ಹಣೆಗೆ ಮೂರು ಹೊಲಿಗೆ ಹಾಕಿದ್ದರು, ಅದಕ್ಕೂ ಬೇರೆ ಬಿಲ್ಲು. ಅವರು ಆ ಬಿಲ್ಲನ್ನು ಮಡಿಸುತ್ತ ಕೇಳಿದರು, "ಆ ಕೈನೂ ತೆಗೆದ್ಬಿಡ್ತಾರಾ ಕೇಳಮ್ಮ. ಅದಕ್ಕೆ ಎಷ್ಟು ಜಾಸ್ತಿ ಆಗ್ತದೆ?" ತಮಾಷೆಗೆ ಹೇಳಿದ ಮಾತಲ್ಲ.

ಕೊಳೆತ ಕರುಳನ್ನು ಒಂದು ಗೇಣು ಕತ್ತರಿಸಿ ಜೋಡಿಸಿದರು. ನಾಲ್ಕು ದಿನ ಐಸಿಯು, ಒಟ್ಟು ಹತ್ತು ದಿನ. ಎರಡು ಲಕ್ಷ ಹದಿನೆಂಟು ಸಾವಿರ. ಇಷ್ಟೆಲ್ಲ ಆಗಿಯೂ ಮೆಶ್ ಹಾಕಲೇ ಇಲ್ಲ. ಕೊಳೆತ ಕಡೆ ಅದನ್ನು ಹಾಕಿದರೆ ಕೀವಾಗುತ್ತದಂತೆ. ಯಾವುದಕ್ಕಾಗಿ ಗೂಡಿನ ತಟ್ಟೆಯ ಮೇಲೆ ಬಿದ್ದೆನೋ ಆ ತುಂಡು ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಬರೀ ದಾರದಲ್ಲಿ ಹೊಲಿದದ್ದು ಮತ್ತೆ ಬಿಡಬಹುದು, ಬಿಟ್ಟರೆ ಆಗ ಮೆಶ್ ಹಾಕೋಣ ಎಂದರು.

ಮನೆಗೆ ಬಂದ ಹದಿನೈದು ದಿನಕ್ಕೆ ಅವನೇ ಕರೆಸಿದ. ಗೋಡೆಗೆ ದಿಂಬು ಕೊಟ್ಟು ಕೂತಿದ್ದ, ಅರ್ಧ ಇಳಿದುಹೋಗಿದ್ದ. ಅತ್ತಿಗೆ ರಾಗಿ ಗಂಜಿ ಆರಿಸುತ್ತಿದ್ದರು. "ಮತ್ತೆ ಮಾಡಿಸ್ಬೇಕಾದ್ರೆ ಎಷ್ಟಾಗ್ತದೆ, ನೋಡಮ್ಮ ನಿನ್ ಪುಸ್ತಕದಲ್ಲಿ," ಎಂದ. ಮೆತ್ತಗಿನ ದನಿ. ನಾನು ಹರಿದ ನೋಟ್‌ಬುಕ್ಕನ್ನು ಅವನ ಕೈಗೇ ಕೊಟ್ಟೆ. ಯಾಕೆ ಕೊಟ್ಟೆನೆಂದು ಗೊತ್ತು. ಹಾಳೆ ಮಗುಚುತ್ತ ಕೊನೆಯ ಪುಟಕ್ಕೆ ಬಂದ. ತುಟಿ ಆಡಿಸುತ್ತ ಓದಿದ, ತಾರೀಖಿನ ಮೇಲೆ ಬೆರಳಿಟ್ಟ.

"ಇದು ಆವತ್ತೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕರುಳು ಕೊಳೀತದೆ ಅಂತಾನೂ?"

"ಅದೂ ಗೊತ್ತಿತ್ತು. ನೀನು ಹೊಡೆದೆಯಲ್ಲ, ಅದಕ್ಕೇ ಹೇಳಲಿಲ್ಲ."

ಅವನ ಕೈ ಎದ್ದಿತು. ನಾನು ಮುಖ ತಿರುಗಿಸಲಿಲ್ಲ. ಆ ಏಟು ನನಗೆ ಸಲ್ಲಬೇಕಾದದ್ದು, ಬೀಳಲಿ ಎಂದೇ ಕಾದೆ. ಅರ್ಧಕ್ಕೆ ಬಂದ ಕೈ ಹೊಲಿಗೆ ಜಗ್ಗಿ ಹಾಗೇ ನಿಂತಿತು. ಅವನು ಹೊಟ್ಟೆ ಅದುಮಿಕೊಂಡು ದಿಂಬಿನ ಮೇಲೆ ಮಗುಚಿಕೊಂಡ. "ಅಮ್ಮಾ" ಎಂದು ನರಳಿದ.

ಅತ್ತಿಗೆ ನಕ್ಕರು. ಗಂಜಿಯ ಲೋಟ ಕೆಳಗಿಟ್ಟು, ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಅವರ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಲೋಟ ಎತ್ತಿಕೊಂಡು ಅವನಿಗೆ ಗಂಜಿ ಕುಡಿಸಿದರು.