ಎಂಟು ವಾರ ಏನೂ ಬೆಳೆಯಲಿಲ್ಲ

ನಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ನನಗಿಂತ ಮೂರೇ ವರ್ಷ ದೊಡ್ಡವಳು. ಇಪ್ಪತ್ತು ವರ್ಷದಿಂದ ಕುಷ್ಠದ ಸ್ಲೈಡ್ ನೋಡುತ್ತಿದ್ದಳು. ಕಿವಿಯ ಹಾಲೆಯನ್ನು ರಕ್ತ ಸರಿಯುವಂತೆ ಎರಡು ಬೆರಳಲ್ಲಿ ಅದುಮಿ ಹಿಡಿದು, ಬ್ಲೇಡಿನಿಂದ ಚಿಕ್ಕ ಸೀಳು ಹಾಕಿ, ಅದೇ ಬ್ಲೇಡನ್ನು ಅಡ್ಡ ತಿರುಗಿಸಿ ಒಳಗೆ ಕೆರೆದು, ಬಂದ ರಸವನ್ನು ಗಾಜಿಗೆ ಸವರುತ್ತಿದ್ದಳು. ರಕ್ತ ಬೆರೆಯುತ್ತಿರಲಿಲ್ಲ. ನಾನು ಮಾಡಿದರೆ ಗಾಜೆಲ್ಲ ಕೆಂಪು, ರೋಗಿ ಕುರ್ಚಿ ಬಿಟ್ಟು ಎದ್ದೇಳುತ್ತಿದ್ದ. “ಅಕ್ಕನ್ನೇ ಕರೀರಿ” ಎಂಬ ಮಾತು ಕೇಳಿ ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ನಾನು ಪಕ್ಕದ ಕೋಣೆಯಲ್ಲಿ ಕ್ಷಯದ ರೋಗಾಣು ಬೆಳೆಸುವವಳು. ಮೊಟ್ಟೆ ಬೆರೆಸಿದ ಆಹಾರವಿರುವ ಬಾಟಲಿಗಳನ್ನು ವಾರಗಟ್ಟಲೆ ಬೆಚ್ಚಗಿಟ್ಟು ಕಾಯುತ್ತಿದ್ದೆ. ನನ್ನನ್ನು ಹೆಸರು ಹಿಡಿದು ಕೇಳಿದವರು ಯಾರೂ ಇಲ್ಲ.

ಒಂದು ದಿನ ಒಬ್ಬ ದರ್ಜಿ ಬಂದ. ಕಿವಿ ದಪ್ಪಗಾಗಿತ್ತು, ಕಿರುಬೆರಳು ಜುಮ್ಮೆನ್ನುತ್ತಿತ್ತು. ಅಕ್ಕನ ಸ್ಲೈಡಿನಲ್ಲಿ, ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡದ ಕೆಂಪು ಕಡ್ಡಿಗಳು, ಅಂದರೆ ಕುಷ್ಠದ ರೋಗಾಣುಗಳು, ನೀಲಿಯ ನಡುವೆ ಗೊಂಚಲುಗೊಂಚಲಾಗಿದ್ದವು. ವರದಿ ಬರೆದಿಟ್ಟು, ಮಗಳ ಹೆರಿಗೆಗೆಂದು ಎರಡು ತಿಂಗಳ ರಜೆ ಹಾಕಿ ಹೋದಳು.

ಡಾಕ್ಟರು ಹೊಸಬರು. “ಒಬ್ರು ನೋಡಿದ್ದನ್ನೇ ನಂಬ್ಕೊಂಡು ಈ ಕಾಯಿಲೆ ಹೆಸರು ಹೇಳೋದು ಹೇಗೆ?” ಎಂದು ಹಿಂದೆಮುಂದೆ ನೋಡಿದರು.

“ಬೆಳೆಸಿ ನೋಡೋಣ ಸರ್,” ಎಂದೆ. ಕುಷ್ಠದ್ದು ಬಾಟಲಿಯಲ್ಲಿ ಬೆಳೆಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎಂಟು ವಾರ ಕಾದು “ಬೆಳವಣಿಗೆ ಇಲ್ಲ” ಎಂದು ಬರೆದೆ. ಒಂದಕ್ಷರ ಸುಳ್ಳಿಲ್ಲ. ಅಕ್ಕ ತಪ್ಪಿದಳೆಂದು ಡಾಕ್ಟರು ತಲೆಯಾಡಿಸಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಕ್ಕ ವಾಪಸ್ಸು ಬಂದವಳೇ ದರ್ಜಿಗೆ ಇನ್ನೂ ಔಷಧಿ ಶುರುವಾಗಿಲ್ಲವೆಂದು ತಿಳಿದು ನನ್ನ ವರದಿ ಹಿಡಿದು ಡಾಕ್ಟರ ಮುಂದೆ ನಿಂತಳು.

“ಸರ್, ಈ ರೋಗಾಣು ಯಾವ ಬಾಟ್ಲೀಲೂ ಬೆಳೆಯಲ್ಲ. ತನ್ನ ಅಡುಗೆ ತಾನು ಮಾಡ್ಕೊಳೋ ಶಕ್ತಿ ಎಷ್ಟೋ ಕಳ್ಕೊಂಡಿದೆ. ಅದರ ಜೀನುಗಳಲ್ಲಿ ಅರ್ಧಕ್ಕರ್ಧ ಕೆಟ್ಟು ಕೂತಿವೆ. ಜೀವ ಇರೋ ಕೋಶದೊಳಗೆ ಕೂತ್ಕೊಂಡು ಅದರದ್ದೇ ತಿಂದು ಬದುಕ್ಬೇಕು. ಇಲಿ ಪಾದದಲ್ಲಿ ಬೆಳೆಸ್ತಾರೆ, ಅಲ್ಲೂ ಒಂದು ಎರಡಾಗೋಕೆ ಎರಡು ವಾರ ಬೇಕು. ಬೆಳೀಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ.”

ಡಾಕ್ಟರು ನನ್ನತ್ತ ತಿರುಗಿದರು. “ನಿಮಗೆ ಗೊತ್ತಿರ್ಲಿಲ್ವಾ?”

“ಮರೆತೋಗಿತ್ತು,” ಎಂದೆ. ಅಕ್ಕ ನನ್ನ ಮುಖ ನೋಡಿ, ದರ್ಜಿಗೆ ಬರಹೇಳಲು ಫೋನ್ ಎತ್ತಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ಔಷಧಿ ಅಂದೇ ಶುರುವಾಯಿತು. ಹೊರಡುವಾಗ ದರ್ಜಿ ಮೊದಲು ಅಕ್ಕನಿಗೆ ಕೈ ಮುಗಿದ, ಆಮೇಲೆ ನನಗೆ. ಆಗಲೂ, ಮೊದಲು ಅವಳಿಗೇ ಮುಗಿದನಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಅವನ ಕೈ ಕಣ್ಣಿಗೆ ಬಿತ್ತು. ಎರಡು ತಿಂಗಳ ಹಿಂದೆ ಬರೀ ಜುಮ್ಮೆನ್ನುತ್ತಿದ್ದ ಕಿರುಬೆರಳು ಈಗ ನೆಟ್ಟಗಾಗದೆ, ಇನ್ನೊಂದು ಕೈಯ ಕಿರುಬೆರಳಿಗೆ ತಾಗದೆ, ಒಳಕ್ಕೆ ಬಾಗಿ ನಿಂತಿತ್ತು.