ಪ್ರಶ್ನೆಪತ್ರಿಕೆಗೆ ಬಂದ ಕೆಲಸ

ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವುದು ಅಪರೂಪ. ಮಾತು ಕಲಿತಾಗಿನಿಂದ ಯಾಕೆ, ಏನು, ಹೇಗೆ ಎಂದು ಎಲ್ಲರ ತಲೆ ತಿಂದವಳಿಗೆ ಅಕ್ಕ ಇಟ್ಟ ಅಡ್ಡಹೆಸರು ‘ಪ್ರಶ್ನೆಪತ್ರಿಕೆ’. ಬಿ.ಕಾಂ. ಮುಗಿಸಿ ಕೂತ ಮೇಲೆ ಅವಳಿಗಿದ್ದ ಉದ್ಯೋಗ ಒಂದೇ: ಅಕ್ಕನ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವುದು. ಅಕ್ಕನಿಗೆ ಹತ್ತಿರದ್ದೆಲ್ಲ ಮಸುಕು. ಕನ್ನಡಕಕ್ಕೆಂದು ಎತ್ತಿಟ್ಟ ಹಣ ಗುಂಡಿಗಳ ಡಬ್ಬಿಯ ತಳದಲ್ಲಿತ್ತು.

ಅಲ್ಲಿ ಇಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದವಳ ಫೋನಿಗೆ ಆ ಬೆಳಿಗ್ಗೆ ಒಂದು ಪತ್ರ ಬಂತು. ದೊಡ್ಡ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಅವಳು ಆಯ್ಕೆಯಾಗಿದ್ದಾಳಂತೆ. ಸಂದರ್ಶನ ಮುಂದಿನ ವಾರ. ನೋಂದಣಿ ಶುಲ್ಕ ಮಾತ್ರ ಇಂದು ಸಂಜೆಯೊಳಗೆ ಕಟ್ಟಬೇಕು, ಆಮೇಲೆ ವಾಪಸ್ ಕೊಡುತ್ತಾರಂತೆ.

ಅಕ್ಕ ಡಬ್ಬಿಯನ್ನೇ ತಂದು ಅವಳ ಮಡಿಲಿಗಿಟ್ಟಳು.

“ಕನ್ನಡಕ ಎಲ್ಲೂ ಓಡಿಹೋಗಲ್ಲ. ಕಟ್ಟಿಬಿಡು. ಆದ್ರೆ ಅವರ ಮುಂದೆ ನಿನ್ನ ಪ್ರಶ್ನೆಪತ್ರಿಕೆ ಬಿಚ್ಚಬೇಡ ಕಣೇ, ನಿನ್ನ ದಮ್ಮಯ್ಯ.”

ಅವಳು ತಲೆಯಾಡಿಸಿದಳು. ಹಣವನ್ನು ತನ್ನ ಖಾತೆಗೆ ಕಟ್ಟಿ ಬಂದು ಫೋನಿನಲ್ಲಿ ಕಳಿಸಲು ಹೊರಟರೆ ಪರದೆಯ ಮೇಲೆ ಕಂಪನಿಯ ಹೆಸರಿರಲಿಲ್ಲ, ಯಾರೋ ಒಬ್ಬ ಮನುಷ್ಯನ ಹೆಸರಿತ್ತು. ನಾಲಿಗೆ ತುರಿಸಿತು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

“ಒಂದೇ ಒಂದು ಪ್ರಶ್ನೆ ಸಾರ್. ನನ್ನ ಅರ್ಜೀಲಿ ನಿಮಗೆ ಏನು ಹಿಡಿಸ್ತು?”

“ನಿಮ್ಮ ಅನುಭವ ಮೇಡಂ.”

ದಾರ ಪೋಣಿಸಿದ್ದು ಬಿಟ್ಟರೆ ಅವಳಿಗೆ ಯಾವ ಅನುಭವವೂ ಇರಲಿಲ್ಲ. ಅದನ್ನವಳು ಅರ್ಜಿಯಲ್ಲಿ ಬರೆದಿರಲಿಲ್ಲ.

“ದುಡ್ಡು ಯಾರದೋ ಖಾತೆಗೆ ಹೋಗ್ತಿದೆಯಲ್ಲ?”

“ಅದು ನಮ್ಮ ಅಕೌಂಟೆಂಟ್‌ದು.”

“ಕಂಪನಿ ದುಡ್ಡು ಅವರ ಸ್ವಂತ ಖಾತೆಗೇ ಹೋಗೋದಾದ್ರೆ ಲೆಕ್ಕ ಬರೆಯೋಕೆ ನಾನ್ಯಾಕೆ ಸಾರ್? ಹೋಗ್ಲಿ, ಶುಲ್ಕಾನ ಮೊದಲ ಸಂಬಳದಲ್ಲೇ ಹಿಡ್ಕೊಳ್ಳಿ.”

“ಏನ್ರೀ, ಕೆಲಸ ಬೇಕೋ ಬೇಡ್ವೋ? ನಿಮ್ಮ ಹಿಂದೆ ನೂರು ಜನ ಕಾಯ್ತಿದಾರೆ!”

“ನನ್ನ ಸಂದರ್ಶನ ಮುಗಿಯೋವರೆಗೆ ಕಾಯೋಕೆ ಹೇಳಿ.”

ಫೋನ್ ಕಟ್ಟಾಯಿತು. ಅಕ್ಕ ತಲೆಯ ಮೇಲೆ ಕೈ ಹೊತ್ತಳು.

ಪತ್ರದ ನಂಬರನ್ನು ಬಿಟ್ಟು, ಕಂಪನಿಯ ಸ್ವಂತ ಜಾಲತಾಣದಲ್ಲಿ ನಂಬರು ಹುಡುಕಿ ಅವಳು ಮತ್ತೆ ಫೋನ್ ಮಾಡಿದಳು. ಅತ್ತ ಎತ್ತಿದ ಹೆಂಗಸು ನಿಟ್ಟುಸಿರು ಬಿಟ್ಟರು. “ಅಂಥ ಕೆಲಸಾನೇ ಇಲ್ಲಮ್ಮ. ಕೆಲಸ ಕೊಡೋಕೆ ನಾವು ಯಾರ ಹತ್ರಾನೂ ದುಡ್ಡು ಕೇಳಲ್ಲ. ಪತ್ರ ಅಳಿಸ್ಬೇಡಿ, ಪೊಲೀಸರಿಗೆ ಕೊಡಿ.”

ಕೆಲಸವಿಲ್ಲ ಎಂಬ ಮಾತು ಎದೆಯಲ್ಲಿ ಸ್ವಲ್ಪ ಹೊತ್ತು ಚುಚ್ಚಿತು. ಆಮೇಲೆ ಪತ್ರದ ಚಿತ್ರವನ್ನು ಸಹಪಾಠಿಗಳ ಗುಂಪಿಗೆ ಹಾಕಿದಳು. ಅಕ್ಷರವೂ ಬದಲಾಗದೆ ಅದೇ ಪತ್ರ ಇನ್ನಿಬ್ಬರಿಗೆ ಬಂದಿತ್ತು. ಒಬ್ಬಳು ಹಣ ಕಳಿಸುವುದರಲ್ಲಿದ್ದಳು. “ಅಮ್ಮಾ ತಾಯಿ, ಬದುಕಿದೆ!” ಎಂದು ಬರೆದಳು. ಮೂವರೂ ಸೇರಿ ಪೊಲೀಸರಿಗೆ ದೂರು ಕೊಟ್ಟು ಬಂದರು.

ಕನ್ನಡಕ ಬಂದ ದಿನ ಅಕ್ಕ ಯಂತ್ರದ ಮುಂದೆ ಕೂತು, ದಾರದ ತುದಿ ನೆಕ್ಕಿ, ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ಕನ್ನಡಕದ ಮೇಲಿಂದ ತಂಗಿಯನ್ನು ನೋಡಿ ನಕ್ಕಳು.

“ಅಯ್ಯೋ ಪ್ರಶ್ನೆಪತ್ರಿಕೆ, ಇದ್ದ ಒಂದು ಕೆಲಸಾನೂ ಹೋಯ್ತಲ್ಲೇ!”

“ಯಾಕೆ ಹೋಯ್ತು?” ಎಂದಳು ಅವಳು.